ಮೂರು ಟೆಂಡರ್, ಒಂದೇ ದರ

ಕಾನೂನು ವಿದ್ಯಾರ್ಥಿಗಳಿಗೆ ಪರೀಕ್ಷೆಯಲ್ಲಿ ಬರುವ ಒಂದು ಪ್ರಶ್ನೆ ಹೀಗಿರುತ್ತದೆ: ಸರಕಾರಿ ಟೆಂಡರಿಗೆ ಮೂರು ಕಂಪನಿಗಳು ಒಂದೇ ದರ ಹಾಕಿವೆ. ಇದು ಕಳ್ಳಕೂಟವೇ, ಪ್ರಾಬಲ್ಯದ ದುರುಪಯೋಗವೇ? ದಂಡ ಎಷ್ಟು?

ಇದು ನಿಜವಾಗಿ ನಡೆದದ್ದೇ. ಗೋದಾಮಿನ ಧಾನ್ಯಕ್ಕೆ ಹುಳ ಹಿಡಿಯದಂತೆ ಇಡುವ ಅಲ್ಯುಮಿನಿಯಂ ಫಾಸ್ಫೈಡ್ ಗುಳಿಗೆಗೆ ಭಾರತೀಯ ಆಹಾರ ನಿಗಮ 2009ರಲ್ಲಿ ಟೆಂಡರ್ ಕರೆದಾಗ ಎಕ್ಸೆಲ್ ಕ್ರಾಪ್ ಕೇರ್, ಯುನೈಟೆಡ್ ಫಾಸ್ಫರಸ್, ಸಂಧ್ಯಾ ಆರ್ಗ್ಯಾನಿಕ್ ಮೂವರೂ ಕಿಲೋಗೆ 388 ರೂಪಾಯಿ ಎಂದೇ ಬರೆದಿದ್ದರು.

ದರ ಒಂದೇ ಆಯಿತೆಂಬ ಮಾತ್ರಕ್ಕೆ ತಪ್ಪಿತಸ್ಥರಾಗುವುದಿಲ್ಲ. ಬೆರಳೆಣಿಕೆಯ ತಯಾರಕರಿರುವ ಕಡೆ ಒಬ್ಬರ ದರ ನೋಡಿ ಇನ್ನೊಬ್ಬರು ನಡೆಯುವುದು ಸಹಜ. ಹಾಗಾಗಿ ಕಾಕತಾಳೀಯ ಎನ್ನಲಾಗದ ಸುಳಿವುಗಳು ಬೇಕು. ಇಲ್ಲಿ ಅವು ಸಿಕ್ಕವು. ಕಂಪನಿಗಳ ಉತ್ಪಾದನಾ ವೆಚ್ಚ ಬೇರೆ ಬೇರೆ, ಆದರೂ ದರ ಒಂದೇ. ಟೆಂಡರ್ ಸಲ್ಲಿಸುವ ದಿನ ನಿಗಮದ ಗೇಟಿನ ಪುಸ್ತಕದಲ್ಲಿ ಮೂರೂ ಕಂಪನಿಗಳ ಪರವಾಗಿ ಒಬ್ಬನೇ ನಮೂದು ಮಾಡಿದ್ದ! ಯಾವ ಗುಪ್ತಸಭೆಯ ಟಿಪ್ಪಣಿಗಿಂತಲೂ ಈ ಗೇಟಿನ ಪುಸ್ತಕ ಹೆಚ್ಚು ಮಾತಾಡುತ್ತದೆ ಎಂದು ನನಗನಿಸುತ್ತದೆ. ಲಿಖಿತ ಒಪ್ಪಂದ ಸಿಗದಿದ್ದರೂ ಪರಿಸ್ಥಿತಿಯ ಸಾಕ್ಷ್ಯ ಸಾಕು ಎಂಬುದನ್ನು 2017ರಲ್ಲಿ ಸುಪ್ರೀಂ ಕೋರ್ಟ್ ಕೂಡ ಎತ್ತಿಹಿಡಿಯಿತು.

ಪ್ರಾಬಲ್ಯದ ಪ್ರಶ್ನೆಯಲ್ಲಿ ಅನೇಕರು ಜಾರುತ್ತಾರೆ. ಮೂವರೂ ಸೇರಿ ಮಾರುಕಟ್ಟೆಯನ್ನು ಹಿಡಿದಿದ್ದಾರಲ್ಲ, ನಾಲ್ಕನೇ ಕಲಮನ್ನೂ ಹಚ್ಚಿಬಿಡೋಣ ಎನ್ನುವುದು ತಪ್ಪು. ನಮ್ಮ ಕಾಯ್ದೆಯ ಪ್ರಕಾರ ಪ್ರಾಬಲ್ಯ ಒಂದು ಸಂಸ್ಥೆಗೆ, ಇಲ್ಲವೇ ಒಂದೇ ಹತೋಟಿಯಲ್ಲಿರುವ ಬಳಗಕ್ಕೆ ಸಲ್ಲುತ್ತದೆ. ಸ್ವತಂತ್ರ ಕಂಪನಿಗಳು ಕೂಡಿ ಟೆಂಡರ್ ಕೆಡಿಸಿದರೆ ಅದು ಮೂರನೇ ಕಲಮಿನ ಅಪರಾಧ.

ಕೊನೆಗೆ ದಂಡ. ಸ್ಪರ್ಧಾ ಆಯೋಗ 2012ರಲ್ಲಿ ಮೂರು ವರ್ಷಗಳ ಸರಾಸರಿ ವಹಿವಾಟಿನ ಶೇ. 9ರಷ್ಟು ವಿಧಿಸಿತು, ಯುನೈಟೆಡ್ ಫಾಸ್ಫರಸ್‌ಗೆ ಬಿದ್ದದ್ದು 252 ಕೋಟಿ. ಆ ಕಂಪನಿ ಇನ್ನೂ ಎಷ್ಟೋ ಸರಕು ಮಾರುತ್ತಿತ್ತು. ಮೇಲ್ಮನವಿ ನ್ಯಾಯಮಂಡಳಿ, ಕೂಟ ನಡೆದದ್ದು ಗುಳಿಗೆಯಲ್ಲಿ, ಲೆಕ್ಕವೂ ಗುಳಿಗೆಯದೇ ಆಗಬೇಕು ಎಂದಿತು. ಶೇಕಡಾವಾರು ಬದಲಾಗಲಿಲ್ಲ, ಆದರೆ ಮೊತ್ತ ಸುಮಾರು 7 ಕೋಟಿಗೆ ಇಳಿಯಿತು. ಸುಪ್ರೀಂ ಕೋರ್ಟ್ ಒಪ್ಪಿದ್ದೂ ಇದನ್ನೇ.

ಹಳೆಯ ನೋಟ್ಸ್ ಓದುವವರು ಇಲ್ಲಿ ಎಚ್ಚರವಾಗಿರಬೇಕು. 2023ರ ತಿದ್ದುಪಡಿ ‘ವಹಿವಾಟು’ ಎಂದರೆ ಜಗತ್ತಿನಾದ್ಯಂತದ, ಎಲ್ಲ ಸರಕು ಸೇವೆಗಳ ವಹಿವಾಟು ಎಂದಿತು. 2024ರ ಮಾರ್ಗಸೂಚಿ ನಡುದಾರಿ ಹಿಡಿದಿದೆ: ಲೆಕ್ಕ ಶುರುವಾಗುವುದು ಸಂಬಂಧಿತ ವಹಿವಾಟಿನ ಶೇ. 30ರವರೆಗಿನ ಮೊತ್ತದಿಂದ, ಜಾಗತಿಕ ವಹಿವಾಟು ದಂಡದ ಮೇಲ್ಮಿತಿಗೆ ಮಾತ್ರ ಅಳತೆಗೋಲು. ಗುಳಿಗೆಯಂಥ ಸಣ್ಣ ಸರಕಿನಲ್ಲಿ ಕೂಟ ಕಟ್ಟಿದ ದೊಡ್ಡ ಕಂಪನಿಗೆ ಆ ಮಿತಿ ತಾಗುವ ಸಂಭವ ಕಡಿಮೆಯೇ.