ಬೇಸಿಗೆಯ ದುಡಿಮೆಯಲ್ಲೇ ಮಳೆಗಾಲಕ್ಕೂ ಮುಪ್ಪಿಗೂ ಪಾಲು

ದಾವಣಗೆರೆಯಲ್ಲಿ ಎ.ಸಿ. ರಿಪೇರಿಯನ್ನೇ ನಂಬಿಕೊಂಡ 35ರ ಮೆಕ್ಯಾನಿಕ್ ಒಬ್ಬರಿದ್ದಾರೆಂದುಕೊಳ್ಳಿ. ಬೇಸಿಗೆಯಲ್ಲಿ ಅವರ ಫೋನಿಗೆ ಬಿಡುವಿಲ್ಲ. ಮಳೆ ಹಿಡಿದರೆ ಕೇಳುವವರಿಲ್ಲ. ಪಿ.ಎಫ್. ಇಲ್ಲ, ಇ.ಎಸ್.ಐ. ಇಲ್ಲ, ಮನೆಖರ್ಚು ಮಾತ್ರ ತಿಂಗಳಿಗೆ 22,000 ರೂಪಾಯಿ.

ಅವರ ಬಳಿ ಬಿ.ಪಿ.ಎಲ್. ಕಾರ್ಡ್ ಇದ್ದಿದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತಿತ್ತು. ಎ.ಪಿ.ಎಲ್. ಕುಟುಂಬಕ್ಕಾದರೆ ಪ್ಯಾಕೇಜ್ ದರದ ಶೇ. 30 ಮಾತ್ರ. ಹಾಗಾಗಿ 5 ಲಕ್ಷದ ಫ್ಯಾಮಿಲಿ ಫ್ಲೋಟರ್ ಪಾಲಿಸಿ ಬೇಕೇ ಬೇಕು. ಅದನ್ನೂ ಆರೋಗ್ಯ ಗಟ್ಟಿಯಾಗಿರುವಾಗಲೇ ಮಾಡಿಸಬೇಕು: ಸಕ್ಕರೆ ಕಾಯಿಲೆ ಬಂದಮೇಲೆ ಮಾಡಿಸಿದರೆ ಅದಕ್ಕೆ ಸಂಬಂಧಿಸಿದ ಚಿಕಿತ್ಸೆಗೆ ಮೂರು ವರ್ಷದವರೆಗೂ ಕಾಯಬೇಕಾದೀತು.

ಪಾಲಿಸಿ ಕೊಳ್ಳುವಾಗ ಎಲ್ಲರೂ ಪ್ರೀಮಿಯಂ ನೋಡುತ್ತಾರೆ, ರೂಮ್ ಬಾಡಿಗೆಯ ಮಿತಿ ನೋಡುವುದಿಲ್ಲ. ಪೆಟ್ಟು ಬೀಳುವುದು ಅಲ್ಲೇ. ದಿನಕ್ಕೆ 5,000 ಮಿತಿಯಿರುವ ಪಾಲಿಸಿ ಇಟ್ಟುಕೊಂಡು 8,000 ರೂಪಾಯಿಯ ರೂಮಿನಲ್ಲಿ ನಾಲ್ಕು ದಿನ ಇದ್ದರೆ, ಕೈಯಿಂದ ಹೋಗುವುದು ವ್ಯತ್ಯಾಸದ 12,000 ಮಾತ್ರ ಎಂದು ಅನ್ನಿಸುತ್ತದೆ. ಆದರೆ ಇಂಥ ಪಾಲಿಸಿಗಳಲ್ಲಿ ವೈದ್ಯರು, ಆಪರೇಷನ್ ಥಿಯೇಟರ್, ನರ್ಸಿಂಗ್ ಶುಲ್ಕಗಳನ್ನೂ ಅದೇ ಎಂಟಕ್ಕೆ ಐದರ ಲೆಕ್ಕದಲ್ಲಿ ಕತ್ತರಿಸಬಹುದು. ಅವು 1,20,000 ಆಗಿದ್ದರೆ ಕಂಪನಿ ಕೊಡುವುದು 75,000. ಉಳಿದ 45,000 ಸೇರಿ ಒಟ್ಟು 57,000 ಮನೆಯಿಂದಲೇ ತರಬೇಕು. ಔಷಧ, ಪರೀಕ್ಷೆಗಳ ಬಿಲ್ಲಿಗೆ ಈ ಕತ್ತರಿ ತಾಗುವುದಿಲ್ಲ, ಅಷ್ಟೇ ಸಮಾಧಾನ. ಸ್ವಲ್ಪ ಹೆಚ್ಚು ಪ್ರೀಮಿಯಂ ಆದರೂ ರೂಮ್ ಮಿತಿ ಇಲ್ಲದ ಪಾಲಿಸಿಯೇ ಲೇಸು.

ಆಪತ್ತಿನ ಹಣದ ವಿಚಾರದಲ್ಲಿ ಒಂದು ಗೊಂದಲ ಸಾಮಾನ್ಯ. ಮಳೆಗಾಲದ ಕೊರತೆ ಆಪತ್ತಲ್ಲ. ಅದು ಪ್ರತಿವರ್ಷ ಬಂದೇ ಬರುತ್ತದೆ. ಐದು ತಿಂಗಳು ತಲಾ 7,000 ಕಡಿಮೆ ಬಿದ್ದರೆ ಬೇಸಿಗೆಯಲ್ಲೇ 35,000 ತೆಗೆದಿಡಬೇಕು. ಕೈ ಮುರಿದು ಏಣಿ ಹತ್ತಲಾಗದ ದಿನಗಳಿಗೆ ನಾಲ್ಕು ತಿಂಗಳ ಖರ್ಚು, ಅಂದರೆ 88,000 ಬೇರೆಯೇ ಖಾತೆಯಲ್ಲಿರಬೇಕು. ಎರಡನ್ನೂ ಒಂದೇ ಖಾತೆಯಲ್ಲಿಟ್ಟರೆ ದಸರಾ ಹೊತ್ತಿಗೆ ಎರಡೂ ಖಾಲಿ.

ಮುಪ್ಪಿಗೆ ಅಟಲ್ ಪಿಂಚಣಿ ಯೋಜನೆ ಇದೆ. 18ರಿಂದ 40 ವರ್ಷದೊಳಗೆ ಸೇರಬೇಕು. ಆದಾಯ ತೆರಿಗೆ ಕಟ್ಟುವವರಿಗೆ ಪ್ರವೇಶವಿಲ್ಲ. 35ಕ್ಕೆ ಸೇರಿ ತಿಂಗಳಿಗೆ 902 ರೂಪಾಯಿ ಕಟ್ಟಿದರೆ 60ರಿಂದ ತಿಂಗಳಿಗೆ 5,000 ಬರುತ್ತದೆ. ಕಂತನ್ನು ಆರು ತಿಂಗಳಿಗೊಮ್ಮೆಯೂ ಕಟ್ಟಬಹುದು. ಆದರೆ ಬೆಲೆಗಳು ವರ್ಷಕ್ಕೆ ಶೇ. 6 ಏರಿದರೆ, 25 ವರ್ಷದ ನಂತರದ ಆ 5,000ಕ್ಕೆ ಇಂದಿನ ಸುಮಾರು 1,165 ರೂಪಾಯಿಯ ಬೆಲೆ.

ಅದಕ್ಕೇ ಜೊತೆಗೊಂದು ಪಿ.ಪಿ.ಎಫ್. ಬೇಕು. ವರ್ಷಕ್ಕೆ ಕನಿಷ್ಠ 500, ಗರಿಷ್ಠ 1.5 ಲಕ್ಷ, ತಿಂಗಳ ಕಂತಿನ ಬಲವಂತವಿಲ್ಲದ್ದರಿಂದ ಬೇಸಿಗೆ ದುಡಿಮೆಯವರಿಗೆ ಒಗ್ಗುತ್ತದೆ. ವರ್ಷದ ಆರಂಭದಲ್ಲೇ 40,000 ಹಾಕುತ್ತ, 15 ವರ್ಷದ ಅವಧಿ ಮುಗಿದಮೇಲೆ ಐದೈದು ವರ್ಷದಂತೆ ಎರಡು ಬಾರಿ ವಿಸ್ತರಿಸಿಕೊಂಡರೆ, ಶೇ. 7.1ರ ಬಡ್ಡಿದರ ಹಾಗೇ ಉಳಿದಲ್ಲಿ 60ನೇ ವಯಸ್ಸಿಗೆ ಸುಮಾರು 27.5 ಲಕ್ಷ ಕೈಸೇರುತ್ತದೆ.