ಬಲದಿಂದ ಎಡಕ್ಕೆ ಸಾಗುವ ಬರಹದಲ್ಲಿ ಅಂಕಿ ಮತ್ತು ಲೇಖನ ಚಿಹ್ನೆಗಳ ಸ್ಥಾನಪಲ್ಲಟ

ಆದಿಲ್‌ಶಾಹಿ ಕಾಲದ ವಿಜಾಪುರವನ್ನು ಕುರಿತು ಅಧ್ಯಯನ ಮಾಡುವ ಕನ್ನಡ ಸಂಶೋಧಕರು ದಖನಿ ಮತ್ತು ಪಾರಸಿ ಆಕರಗಳನ್ನು ಬಿಟ್ಟು ಮುಂದೆ ಹೋಗಲಾರರು. ಇಮ್ಮಡಿ ಇಬ್ರಾಹಿಂ ಆದಿಲ್‌ಶಾಹನ 'ಕಿತಾಬ್-ಎ-ನೌರಸ್' ದಖನಿಯಲ್ಲಿದೆ. ಅದನ್ನು ನಝೀರ್ ಅಹ್ಮದ್ ಅವರು ಸಂಪಾದಿಸಿದ ಆವೃತ್ತಿ 1956ರಲ್ಲಿ ದೆಹಲಿಯಿಂದ ಪ್ರಕಟವಾಯಿತು. ಇಂತಹ ಕೃತಿಗಳನ್ನು ಕುರಿತ ಉರ್ದು ಗ್ರಂಥಸೂಚಿಗಳಲ್ಲಿ ಪ್ರಕಾಶಕರ ಹೆಸರು, ಊರು, ಪದವಿಯ ಹೆಸರು ಮುಂತಾದವು ಅನೇಕ ವೇಳೆ ರೋಮನ್ ಲಿಪಿಯಲ್ಲಿಯೇ ಇರುತ್ತವೆ. ಇಂತಹದೊಂದು ಸೂಚಿಯನ್ನು ಗಣಕದಲ್ಲಿ ಸಿದ್ಧಪಡಿಸುತ್ತಿದ್ದಾಗ ಹಸ್ತಪ್ರತಿಯೊಂದರ ದಾಖಲೆ ಸಂಖ್ಯೆ ನನ್ನ ಅಚ್ಚುಪ್ರತಿಯಲ್ಲಿ ತಿರುವುಮುರುವಾಗಿತ್ತು. ಅದನ್ನೇ ನಂಬಿ ಗ್ರಂಥಾಲಯದಲ್ಲಿ ಚೀಟಿ ಬರೆದುಕೊಟ್ಟಾಗ ಅಂತಹ ಸಂಖ್ಯೆಯೇ ಇಲ್ಲವೆಂಬ ಉತ್ತರ ಬಂದಿತು. ನಾನು ಟೈಪು ಮಾಡಿದ್ದರಲ್ಲಿ ತಪ್ಪಿರಲಿಲ್ಲ; ತಪ್ಪು ಪ್ರದರ್ಶನದಲ್ಲಿತ್ತು. ಈ ಸ್ಥಾನಪಲ್ಲಟ ಏಕೆ ಉಂಟಾಗುತ್ತದೆ, ಅದನ್ನು ಹೇಗೆ ಸರಿಪಡಿಸಬೇಕು ಎಂಬುದನ್ನು ಕೆಲವೇ ನಿದರ್ಶನಗಳ ಮೂಲಕ ವಿವರಿಸುವುದು ಈ ಲೇಖನದ ಉದ್ದೇಶ.

ಮೊದಲಿಗೆ ಒಂದು ಸಂಗತಿಯನ್ನು ಮನಗಾಣಬೇಕು. ಗಣಕದ ಸ್ಮೃತಿಯಲ್ಲಿ ಅಕ್ಷರಗಳು ನಾವು ಉಚ್ಚರಿಸುವ ಕ್ರಮದಲ್ಲಿಯೇ ಒಂದರ ಹಿಂದೆ ಒಂದು ಕುಳಿತಿರುತ್ತವೆ. ಅಲ್ಲಿ ಎಡವೂ ಇಲ್ಲ, ಬಲವೂ ಇಲ್ಲ. ಪರದೆಯ ಮೇಲೆ ಅಥವಾ ಕಾಗದದ ಮೇಲೆ ತೋರಿಸುವಾಗ ಮಾತ್ರ ಯಾವ ತುಣುಕು ಯಾವ ದಿಕ್ಕಿಗೆ ಸಾಗಬೇಕೆಂಬ ನಿರ್ಣಯವಾಗುತ್ತದೆ. ಈ ನಿರ್ಣಯದ ನಿಯಮಗಳು ಯೂನಿಕೋಡ್ ಪ್ರಮಾಣದ ಒಂಬತ್ತನೆಯ ಅನುಬಂಧದಲ್ಲಿವೆ. ಅವುಗಳ ಪ್ರಕಾರ ಪ್ರತಿಯೊಂದು ಅಕ್ಷರಕ್ಕೂ ಒಂದು ದಿಕ್ಕಿನ ಗುಣವಿದೆ. ಉರ್ದು, ಅರಬ್ಬಿ, ಹೀಬ್ರೂ ಅಕ್ಷರಗಳು ಬಲದಿಂದ ಎಡಕ್ಕೆ ಸಾಗುವ ಪ್ರಬಲ ಅಕ್ಷರಗಳು. ರೋಮನ್ ಮತ್ತು ಕನ್ನಡ ಅಕ್ಷರಗಳು ಎಡದಿಂದ ಬಲಕ್ಕೆ ಸಾಗುವ ಪ್ರಬಲ ಅಕ್ಷರಗಳು. 1, 2, 3 ಎಂಬ ಅಂಕಿಗಳು ದುರ್ಬಲ. ತೆರಪು, ಆವರಣ, ಉದ್ಗಾರ ಚಿಹ್ನೆ ಮುಂತಾದವು ತಟಸ್ಥ. ಪೂರ್ಣವಿರಾಮ, ಅಲ್ಪವಿರಾಮ, ಕಿರುಗೆರೆಗಳು ಎರಡು ಅಂಕಿಗಳ ನಡುವೆ ಬಂದಾಗ ಅಂಕಿಗೆ ಅಂಟಿಕೊಳ್ಳಬಲ್ಲವು. ಉಳಿದೆಡೆ ಅವೂ ತಟಸ್ಥದಂತೆಯೇ ವರ್ತಿಸುತ್ತವೆ. ತಟಸ್ಥ ಚಿಹ್ನೆಯ ಎರಡೂ ಬದಿಗೆ ಒಂದೇ ದಿಕ್ಕಿನ ಅಕ್ಷರಗಳಿದ್ದರೆ ಅದು ಆ ದಿಕ್ಕನ್ನು ಹಿಡಿಯುತ್ತದೆ. ಭಿನ್ನ ದಿಕ್ಕಿನವು ಇದ್ದರೆ ಇಡೀ ಪರಿಚ್ಛೇದದ ದಿಕ್ಕಿಗೆ ಶರಣಾಗುತ್ತದೆ. ಸ್ಥಾನಪಲ್ಲಟಗಳಲ್ಲಿ ಬಹುಪಾಲು ಈ ಕೊನೆಯ ವಾಕ್ಯದಿಂದಲೇ ಹುಟ್ಟುತ್ತವೆ.

ಕೆಳಗಿನ ನಿದರ್ಶನಗಳಲ್ಲಿ ದೊಡ್ಡ ರೋಮನ್ ಅಕ್ಷರಗಳ ಪದವನ್ನು ಉರ್ದು ಲಿಪಿಯ ಪದವೆಂದು ಭಾವಿಸಬೇಕು. ಪ್ರತಿ ಜೋಡಿಯಲ್ಲಿ ಮೊದಲ ಸಾಲು ಸ್ಮೃತಿಯಲ್ಲಿರುವ ಕ್ರಮ. ಎರಡನೆಯದು ಕಣ್ಣಿಗೆ ಕಾಣುವ ಕ್ರಮ. ಆದುದರಿಂದ ಎರಡನೆಯ ಸಾಲಿನಲ್ಲಿ ಉರ್ದು ಪದಗಳು ಹಿಂದುಮುಂದಾಗಿ ಕಾಣುತ್ತವೆ, ಅವುಗಳನ್ನು ಬಲದಿಂದ ಓದಬೇಕು. ಬೇರೆಯಾಗಿ ಹೇಳದಿದ್ದಲ್ಲಿ ಪರಿಚ್ಛೇದ ಉರ್ದುವಿನದು, ಅಂದರೆ ಬಲದಿಂದ ಎಡಕ್ಕೆ ಸಾಗುವಂತಹುದು.

```
NAURAS Ph.D. MAQALA
ALAQAM .Ph.D SARUAN
```

'ನೌರಸ್ ಕುರಿತ ಪಿಎಚ್.ಡಿ. ಪ್ರಬಂಧ' ಎಂಬ ಅರ್ಥದ ಈ ತುಣುಕಿನಲ್ಲಿ ಎರಡು ಬಿಂದುಗಳಿವೆ. ಮೊದಲ ಬಿಂದುವಿನ ಎರಡೂ ಬದಿಗೆ ರೋಮನ್ ಅಕ್ಷರಗಳಿರುವುದರಿಂದ ಅದು ತನ್ನ ಜಾಗದಲ್ಲಿಯೇ ಉಳಿಯಿತು. ಎರಡನೆಯದರ ಹಿಂದೆ ರೋಮನ್, ಮುಂದೆ ಉರ್ದು. ಅದು ಪರಿಚ್ಛೇದದ ದಿಕ್ಕಿಗೆ ಶರಣಾಗಿ ಪದದ ಎಡತುದಿಗೆ ಜಿಗಿಯಿತು. ಆ ಬಿಂದು ಸಂಕ್ಷೇಪದ ಭಾಗವೆಂಬುದು ನಮಗೆ ಗೊತ್ತು, ನಿಯಮಕ್ಕೆ ಗೊತ್ತಿಲ್ಲ. ಪರಿಹಾರ ಸರಳ. ಬಿಂದುವಿನ ನಂತರ U+200E ಎಂಬ ಅಗೋಚರ ಎಡ-ಬಲ ಗುರುತನ್ನು ಇಟ್ಟರೆ, ಬಿಂದುವಿನ ಎರಡೂ ಬದಿಗೆ ಎಡದಿಂದ ಬಲಕ್ಕೆ ಸಾಗುವ ಅಕ್ಷರಗಳು ಬಂದಂತಾಗಿ ಅದು ಸ್ವಸ್ಥಾನದಲ್ಲಿ ನಿಲ್ಲುತ್ತದೆ.

ಕನ್ನಡ ಪರಿಚ್ಛೇದದೊಳಗೆ ಉರ್ದು ವಾಕ್ಯವನ್ನು ಉದ್ಧರಿಸಿದಾಗ ಇದೇ ತೊಡಕು ತಿರುಗಿ ಬರುತ್ತದೆ. ಅಲ್ಲಿ ಉರ್ದು ವಾಕ್ಯದ ಕೊನೆಯ ಬಿಂದು ಅದರ ಬಲಭಾಗಕ್ಕೆ, ಅಂದರೆ ವಾಕ್ಯದ ಆರಂಭಕ್ಕೆ ಹೋಗಿ ಕೂರುತ್ತದೆ. ಇದಕ್ಕೆ ಉರ್ದುವಿನಲ್ಲಿಯೇ ಒಂದು ಸಹಜ ಪರಿಹಾರವಿದೆ. ಉರ್ದುವಿನ ಸ್ವಂತ ಪೂರ್ಣವಿರಾಮವಾದ ಕಿರುಗೆರೆ, ಅಂದರೆ U+06D4, ತಟಸ್ಥವಲ್ಲ. ಅದನ್ನು ಅಕ್ಷರದಂತೆಯೇ ಪ್ರಬಲವೆಂದು ಪರಿಗಣಿಸಲಾಗಿದೆ. ಉರ್ದು ಪ್ರಶ್ನಾರ್ಥಕ ಚಿಹ್ನೆಯೂ ಹಾಗೆಯೇ. ಕೀಲಿಮಣೆಯಲ್ಲಿ ಸುಲಭವಾಗಿ ಸಿಗುವ ಇಂಗ್ಲಿಷ್ ಬಿಂದುವನ್ನು ಬಿಟ್ಟು ಉರ್ದು ಚಿಹ್ನೆಯನ್ನೇ ಬಳಸಿದರೆ ಅರ್ಧ ತೊಂದರೆ ತಾನಾಗಿ ನಿವಾರಣೆಯಾಗುತ್ತದೆ. ಆದರೆ ಉರ್ದು ಅಲ್ಪವಿರಾಮಕ್ಕೆ ಈ ಬಲವಿಲ್ಲವೆಂಬುದನ್ನು ಗಮನಿಸಬೇಕು.

ಚಿಹ್ನೆ ಜಿಗಿದರೆ ಕಣ್ಣಿಗೆ ಬೇಸರ. ಅಂಕಿ ಜಿಗಿದರೆ ಅರ್ಥಕ್ಕೇ ಕುತ್ತು.

```
NAURAS Delhi 24 SAFHE
EHFAS Delhi 24 SARUAN
```

ಲೇಖಕನ ಉದ್ದೇಶ 'ನೌರಸ್, ದೆಹಲಿ, 24 ಪುಟಗಳು' ಎಂಬುದು. ಬಲದಿಂದ ಓದುವವರಿಗೆ ಸಿಗುವುದು 'ನೌರಸ್ 24, ದೆಹಲಿ, ಪುಟಗಳು'. ದುರ್ಬಲವಾದ ಅಂಕಿ ತನ್ನ ಹಿಂದೆ ಬಂದ ಪ್ರಬಲ ಅಕ್ಷರ ಯಾವುದೆಂದು ನೋಡುತ್ತದೆ. ಅದು ರೋಮನ್ ಆಗಿದ್ದರೆ ಅಂಕಿಯೂ ರೋಮನ್ ತುಣುಕಿನ ಭಾಗವಾಗಿಬಿಡುತ್ತದೆ. ಇಲ್ಲಿ 24 ಎಂಬುದು ತಾನು ಸೇರಬೇಕಾದ 'ಪುಟ' ಎಂಬ ಪದವನ್ನು ಬಿಟ್ಟು ಊರಿನ ಹೆಸರಿಗೆ ಅಂಟಿಕೊಂಡಿದೆ. ಊರಿನ ಹೆಸರಿನ ನಂತರ U+200F ಎಂಬ ಬಲ-ಎಡ ಗುರುತನ್ನು ಇಟ್ಟರೆ ಈ ಅಂಟು ಬಿಡುತ್ತದೆ, ಅಂಕಿ 'ಪುಟ' ಪದದ ಪಕ್ಕಕ್ಕೆ ಬರುತ್ತದೆ. ಉರ್ದು ಅಂಕಿಗಳನ್ನು ಬಳಸಿದರೆ ಸರಿಹೋಗಬಹುದೆಂದು ಕೆಲವರು ಭಾವಿಸುತ್ತಾರೆ. ಅದು ಹುಸಿ ನಿರೀಕ್ಷೆ. ಪಾರಸಿ-ಉರ್ದು ಅಂಕಿಗಳಿಗೂ 1, 2, 3ಕ್ಕೂ ನಿಯಮದಲ್ಲಿ ಒಂದೇ ವರ್ಗ.

ಈಗ ನನ್ನ ದಾಖಲೆ ಸಂಖ್ಯೆಯ ವಿಷಯ. ಸಂಖ್ಯೆಯನ್ನು ಇಲ್ಲಿ ಬದಲಿಸಿಕೊಂಡಿದ್ದೇನೆ.

```
SHUMARA 45-112-3
3-112-45 ARAMUHS
```

ಮೇಲಿನ ನಿದರ್ಶನಕ್ಕೆ ಇದು ತದ್ವಿರುದ್ಧ. ಇಲ್ಲಿ ಅಂಕಿಯ ಹಿಂದಿರುವುದು ಉರ್ದು ಪದ. ಅರಬ್ಬಿ ಮೂಲದ ಲಿಪಿಯ ಅಕ್ಷರವನ್ನು ಅನುಸರಿಸಿದ ಅಂಕಿಯನ್ನು ನಿಯಮವು ಅರಬ್ಬಿ ಅಂಕಿಯೆಂದು ಪರಿಗಣಿಸುತ್ತದೆ. ಆಗ ನಡುವಿನ ಕಿರುಗೆರೆ ಅಂಕಿಗಳನ್ನು ಒಗ್ಗೂಡಿಸುವ ಶಕ್ತಿ ಕಳೆದುಕೊಂಡು ಕೇವಲ ತಟಸ್ಥವಾಗುತ್ತದೆ. ಪ್ರತಿ ಗುಂಪಿನೊಳಗೆ ಅಂಕಿಗಳು ಎಡದಿಂದ ಬಲಕ್ಕೆ ಸರಿಯಾಗಿಯೇ ಇರುತ್ತವೆ; 112 ಎಂಬುದು 211 ಆಗುವುದಿಲ್ಲ. ಆದರೆ ಗುಂಪುಗಳ ಕ್ರಮ ತಿರುಗುತ್ತದೆ. ಬಿಡಿ ಗುಂಪುಗಳೆಲ್ಲ ಸರಿಯಾಗಿ ಕಾಣುವುದರಿಂದಲೇ ಈ ತಪ್ಪು ಕರಡು ತಿದ್ದುವವರ ಕಣ್ಣಿಗೆ ಬೀಳುವುದಿಲ್ಲ. ಕಿರುಗೆರೆಯ ಬದಲು ಓರೆಗೆರೆ ಇದ್ದು 45/112/3 ಎಂದಾಗಿದ್ದರೆ ಸಂಖ್ಯೆ ತಿರುಗುತ್ತಿರಲಿಲ್ಲ, ಏಕೆಂದರೆ ಓರೆಗೆರೆ ಎರಡು ಬಗೆಯ ಅಂಕಿಗಳನ್ನೂ ಜೋಡಿಸಬಲ್ಲದು. ಉರ್ದು ಪದದ ಜಾಗದಲ್ಲಿ ರೋಮನ್ ಸಂಕ್ಷೇಪವಿದ್ದಿದ್ದರೂ ತಿರುಗುತ್ತಿರಲಿಲ್ಲ. ಹೀಗಾಗಿ ಒಂದೇ ಪಟ್ಟಿಯಲ್ಲಿ ಕೆಲವು ಸಂಖ್ಯೆಗಳು ಸರಿಯಾಗಿ, ಕೆಲವು ತಿರುಗಿ ಕಾಣುತ್ತವೆ. ನೋಡಿದವರು ಇದನ್ನು ಟೈಪಿಸಿದವರ ಅಜಾಗರೂಕತೆಯೆಂದು ತಿಳಿಯುತ್ತಾರೆ. ಹೀಬ್ರೂ ಬರಹದಲ್ಲಿ ಈ ತೊಡಕಿಲ್ಲ. ಅಲ್ಲಿ ಅಂಕಿಗಳು ಅರಬ್ಬಿ ಅಂಕಿಗಳಾಗಿ ಮಾರ್ಪಡುವುದಿಲ್ಲ. ಇಲ್ಲಿಯೂ ಪರಿಹಾರ ಸಂಖ್ಯೆಯ ಮುಂಚೆ ಒಂದು ಎಡ-ಬಲ ಗುರುತು.

ಪುಟವ್ಯಾಪ್ತಿಯ ವಿಷಯದಲ್ಲಿ ಮಾತ್ರ ಆತುರದ ತೀರ್ಮಾನ ಸಲ್ಲದು. ಉರ್ದು ವಾಕ್ಯದಲ್ಲಿ 12-15 ಎಂಬುದು 15-12 ಎಂದು ಕಂಡಾಗ, ಬಲದಿಂದ ಓದುವವರು ಮೊದಲು 12ನ್ನು, ಬಳಿಕ 15ನ್ನು ಓದುತ್ತಾರೆ. ಅವರ ಮಟ್ಟಿಗೆ ಅದು ಸರಿ. ಅದನ್ನು ನೋಡಿ ಕನ್ನಡಕ್ಕೆ ನಕಲು ಮಾಡಿಕೊಳ್ಳುವವರು ಎಚ್ಚರ ವಹಿಸಬೇಕಷ್ಟೆ. ದಾಖಲೆ ಸಂಖ್ಯೆ, ದೂರವಾಣಿ ಸಂಖ್ಯೆಗಳಂತಹ ಸ್ಥಿರವಾದ ಗುರುತುಗಳು ತಿರುಗಿದಾಗ ಮಾತ್ರ ಅದು ನಿಜವಾದ ದೋಷ.

ಕನ್ನಡ ಪರಿಚ್ಛೇದದಲ್ಲಿ ಉರ್ದು ಶೀರ್ಷಿಕೆಯ ಬೆನ್ನಿಗೇ ಇಸವಿಯನ್ನು ಬರೆದಾಗಲೂ ಇದೇ ಕಾರಣಕ್ಕೆ ಇಸವಿ ಶೀರ್ಷಿಕೆಯ ಎಡಕ್ಕೆ ಹಾರುತ್ತದೆ.

```
NAURAS 1956 ಆವೃತ್ತಿ
1956 SARUAN ಆವೃತ್ತಿ
```

ಇಲ್ಲೊಂದು ಕುತೂಹಲದ ಸಂಗತಿಯಿದೆ. ಇಸವಿಯನ್ನು ೧೯೫೬ ಎಂದು ಕನ್ನಡ ಅಂಕಿಗಳಲ್ಲಿ ಬರೆದರೆ ಅದು ಹಾರುವುದಿಲ್ಲ. ಕನ್ನಡ ಅಂಕಿಗಳನ್ನು ಯೂನಿಕೋಡ್ ದುರ್ಬಲವೆಂದು ಪರಿಗಣಿಸಿಲ್ಲ. ಅವು ಕನ್ನಡ ಅಕ್ಷರಗಳಷ್ಟೇ ಪ್ರಬಲ. ಕನ್ನಡ ಅಂಕಿಗಳನ್ನು ಬಳಸಬೇಕೆನ್ನುವವರಿಗೆ ಇದೊಂದು ಅನಿರೀಕ್ಷಿತ ಸಮರ್ಥನೆ ಎನ್ನಬಹುದು.

ಇಷ್ಟರವರೆಗೆ ಹೇಳಿದ ಬಿಡಿ ಗುರುತುಗಳು ಒಂದೆರಡು ಕಡೆಗೆ ಸಾಕು. ದೀರ್ಘವಾದ ಸೂಚಿಯಲ್ಲಿ ಪ್ರತಿ ತುಣುಕಿಗೂ ಅವುಗಳನ್ನು ಹಾಕುತ್ತ ಹೋಗುವುದು ಕಷ್ಟ. ಆದುದರಿಂದ 2013ರಲ್ಲಿ ಯೂನಿಕೋಡಿನ 6.3ನೆಯ ಆವೃತ್ತಿಯು ಪ್ರತ್ಯೇಕಿಸುವ ಗುರುತುಗಳನ್ನು ತಂದಿತು. ರೋಮನ್ ತುಣುಕಿನ ಮುಂಚೆ U+2066, ಕೊನೆಯಲ್ಲಿ U+2069 ಇಟ್ಟರೆ ಆ ತುಣುಕು ಮುಚ್ಚಿದ ಡಬ್ಬಿಯಂತಾಗುತ್ತದೆ. ಒಳಗಿನದು ಹೊರಗಿನದರ ಮೇಲೆ, ಹೊರಗಿನದು ಒಳಗಿನದರ ಮೇಲೆ ಪ್ರಭಾವ ಬೀರದು. ಜಾಲಪುಟಗಳಲ್ಲಿ ಇದೇ ಕೆಲಸವನ್ನು ಹೀಗೆ ಮಾಡಲಾಗುತ್ತದೆ:

```
<p dir="rtl" lang="ur">NAURAS <bdi>Delhi</bdi> 24 SAFHE</p>
```

ಇಲ್ಲಿ `dir="rtl"` ಎಂಬುದನ್ನು ಮರೆಯಬಾರದು. ಪರಿಚ್ಛೇದದ ದಿಕ್ಕನ್ನು ಘೋಷಿಸದೆ ಎಷ್ಟು ಗುರುತುಗಳನ್ನು ತುಂಬಿದರೂ ಪ್ರಯೋಜನ ಅಲ್ಪ. ಬಲಕ್ಕೆ ಹೊಂದಿಸುವುದು ಬೇರೆ, ಬಲದಿಂದ ಎಡಕ್ಕೆ ಸಾಗಿಸುವುದು ಬೇರೆ. ಮೊದಲನೆಯದು ಸಾಲಿನ ನಿಲುವನ್ನಷ್ಟೇ ಬದಲಿಸುತ್ತದೆ. ವರ್ಡ್ ತಂತ್ರಾಂಶದಲ್ಲಿ ಬಲದಿಂದ ಎಡಕ್ಕೆ ಸಾಗುವ ಭಾಷೆಯೊಂದನ್ನು ಸೇರಿಸಿಕೊಂಡರೆ ಪರಿಚ್ಛೇದದ ದಿಕ್ಕು ಬದಲಿಸುವ ಗುಂಡಿ ಸಿಗುತ್ತದೆ. ಗುರುತು ಬೇಕಾದಲ್ಲಿ `200E` ಎಂದು ಟೈಪಿಸಿ Alt+X ಒತ್ತಬಹುದು. ವರ್ಡ್ ಪ್ರತಿ ತುಣುಕಿಗೂ ತನ್ನದೇ ಆದ ದಿಕ್ಕಿನ ಗುಣವೊಂದನ್ನು ಹಚ್ಚುವುದರಿಂದ, ಅಲ್ಲಿ ಸರಿಯಾಗಿ ಕಂಡದ್ದು ಬೇರೆಡೆ ಅಂಟಿಸಿದಾಗ ಕೆಡುವುದುಂಟು. ಅಂಟಿಸಿದ ಮೇಲೆ ಮತ್ತೊಮ್ಮೆ ನೋಡುವುದು ಅಗತ್ಯ.

ರೂಢಿಯಲ್ಲಿರುವ ಒಂದು ಉಪಾಯವನ್ನು ಮಾತ್ರ ಖಂಡಿತವಾಗಿ ಕೈಬಿಡಬೇಕು. ಅದು, ಕಣ್ಣಿಗೆ ಸರಿ ಕಾಣುವವರೆಗೆ ಬಿಂದುವನ್ನು ಪದದ ಮುಂಚೆ ಟೈಪಿಸುವುದು, ಸಂಖ್ಯೆಯ ಗುಂಪುಗಳನ್ನು ಕೈಯಾರೆ ತಿರುಗಿಸಿ ಬರೆಯುವುದು. ಆಗ ಪ್ರದರ್ಶನ ಸರಿಹೋಗಿ ಸ್ಮೃತಿಯಲ್ಲಿರುವ ಪಾಠ ಕೆಡುತ್ತದೆ. ಹುಡುಕಿದರೆ ಸಿಗುವುದಿಲ್ಲ, ಪರಿಚ್ಛೇದದ ದಿಕ್ಕು ಬದಲಾದೊಡನೆ ಎಲ್ಲವೂ ಮತ್ತೆ ಚದುರುತ್ತದೆ. ಹೀಗೆ ತಿದ್ದಿದ ಕಡತವನ್ನು ಪತ್ತೆಹಚ್ಚಲು ಸಂದೇಹವಿರುವ ಸಂಖ್ಯೆಯನ್ನು ನಕಲಿಸಿ, ಬೇರಾವ ಅಕ್ಷರವೂ ಇಲ್ಲದ ಖಾಲಿ ಸಾಲಿನಲ್ಲಿ ಅಂಟಿಸಬೇಕು. ಉರ್ದು ಪದದ ಸಹವಾಸ ತಪ್ಪಿದ ಕೂಡಲೇ ಅದು ಸ್ಮೃತಿಯ ಕ್ರಮದಲ್ಲಿಯೇ ಕಾಣಿಸುತ್ತದೆ. ಅಗೋಚರ ಗುರುತುಗಳಿಗೂ ಒಂದು ಮಿತಿಯಿದೆ. ಅವು ಕಾಣದಿದ್ದರೂ ಅಕ್ಷರಗಳೇ ಆದುದರಿಂದ, ದತ್ತಸಂಚಯದ ಒಂದು ಅಂಕಣದಲ್ಲಿ ಗುರುತುಸಹಿತ ಸಂಖ್ಯೆ, ಇನ್ನೊಂದರಲ್ಲಿ ಗುರುತಿಲ್ಲದ ಸಂಖ್ಯೆ ಇದ್ದರೆ ಗಣಕವು ಎರಡನ್ನೂ ಬೇರೆಯೆಂದೇ ಎಣಿಸುತ್ತದೆ. ಈ ಕಾರಣದಿಂದ ನಾನು ಮೂಲಪಟ್ಟಿಯಲ್ಲಿ ಸಂಖ್ಯೆಗಳನ್ನು ಬರಿದಾಗಿಯೇ ಇಟ್ಟು, ಅಚ್ಚಿಗೆ ಕಳುಹಿಸುವ ಪ್ರತಿಯಲ್ಲಿ ಮಾತ್ರ ಗುರುತುಗಳನ್ನು ಸೇರಿಸುತ್ತೇನೆ.