ರೀಫಂಡ್ ಲೆಕ್ಕ ಸರಿಯಿದೆಯೇ?

ಒಬ್ಬರ ವರ್ಷದ ಆದಾಯ ತೆರಿಗೆ, ಸೆಸ್ ಸೇರಿ, 60,000 ರೂಪಾಯಿ ಎನ್ನೋಣ. ಸಂಬಳ ಮತ್ತು ಬ್ಯಾಂಕ್ ಬಡ್ಡಿಯಲ್ಲಿ ಟಿಡಿಎಸ್ ಆಗಿ 48,000 ಕಡಿತವಾಗಿದೆ, ಮುಂಗಡ ತೆರಿಗೆ 30,000 ಕಟ್ಟಿದ್ದಾರೆ. ಒಟ್ಟು 78,000, ಅಂದರೆ 18,000 ವಾಪಸ್ ಬರಬೇಕು.

ಆದರೆ ಇಲಾಖೆ ನಂಬುವುದು ಫಾರ್ಮ್ 26ಎಎಸ್ ಅನ್ನು. ಬ್ಯಾಂಕ್ ಪ್ಯಾನ್ ಸಂಖ್ಯೆ ತಪ್ಪಾಗಿ ನಮೂದಿಸಿ 5,000 ಅಲ್ಲಿ ಕಾಣದಿದ್ದರೆ, ರೀಫಂಡ್ 13,000ಕ್ಕೆ ಇಳಿಯುತ್ತದೆ. ರಿಟರ್ನ್ ಸಲ್ಲಿಸುವ ಮೊದಲೇ ಇದನ್ನು ಹೋಲಿಸಿ, ವ್ಯತ್ಯಾಸವಿದ್ದರೆ ಬ್ಯಾಂಕಿನಿಂದಲೇ ತಿದ್ದಿಸಬೇಕು.

ಬಡ್ಡಿ ತಿಂಗಳಿಗೆ ಶೇ. 0.5. ಗಡುವಿನೊಳಗೆ ರಿಟರ್ನ್ ಸಲ್ಲಿಸಿದ್ದರೆ ಏಪ್ರಿಲ್ 1ರಿಂದ ಎಣಿಕೆ. ಅರೆತಿಂಗಳೂ ಪೂರ್ತಿ ತಿಂಗಳೇ. ಸೆಪ್ಟೆಂಬರ್‌ನಲ್ಲಿ ರೀಫಂಡ್ ಮಂಜೂರಾದರೆ ಆರು ತಿಂಗಳು, 18,000ಕ್ಕೆ 540 ರೂಪಾಯಿ. ರೀಫಂಡ್ ಮೊತ್ತ ತೆರಿಗೆಯ ಶೇ. 10ಕ್ಕಿಂತ, ಇಲ್ಲಿ 6,000ಕ್ಕಿಂತ, ಕಡಿಮೆಯಿದ್ದರೆ ಬಡ್ಡಿಯೇ ಇಲ್ಲ. ರೀಫಂಡ್‌ಗೆ ತೆರಿಗೆ ಬೀಳದು. ಆ 540 ಮಾತ್ರ ಕೈಸೇರಿದ ವರ್ಷದ ಆದಾಯಕ್ಕೆ ಸೇರುತ್ತದೆ.